ಬಿಳಿ ಹುಬ್ಬಿನದೋ, ಹಳದಿ ಕೊರಳಿನದೋ? ಆನೆಗುಂದಿ ಗುಡ್ಡದಲ್ಲಿ ಯಂತ್ರದ ಕಿವಿಯನ್ನು ಎಷ್ಟು ನಂಬಬಹುದು

ಗಂಗಾವತಿಯಿಂದ ಆನೆಗುಂದಿ ಕಡೆಗೆ ಹೋದರೆ ರಸ್ತೆಯ ಒಂದು ಬದಿಗೆ ಭತ್ತದ ಗದ್ದೆ, ಇನ್ನೊಂದು ಬದಿಗೆ ಬಂಡೆ ಗುಡ್ಡ. ಆ ಗುಡ್ಡದ ಬುಡದಲ್ಲಿ ಬೆಳಿಗ್ಗೆ ಯಾರಾದರೂ ಫೋನ್ ಎತ್ತಿ ಹಿಡಿದು ನಿಂತಿದ್ದರೆ ಅದು ಸೆಲ್ಫಿಗೇ ಅಂತ ಹೇಳೋಕಾಗಲ್ಲ. ಮರ್ಲಿನ್ ಆ್ಯಪ್‌ಗೆ ಹಕ್ಕಿ ದನಿ ಕೇಳಿಸುತ್ತಿರಬಹುದು. ಹಕ್ಕಿ ಕೂಗುತ್ತದೆ, ಪರದೆ ಮೇಲೆ ಹೆಸರು ಮೂಡುತ್ತದೆ. ಕೌಜುಗ, ನವಿಲು, ಕೋಗಿಲೆ, ಪಿಕಳಾರ. ಐದು ನಿಮಿಷಕ್ಕೆ ಹತ್ತು ಹದಿನೈದು ಹೆಸರಿನ ಪಟ್ಟಿ ಸಿದ್ಧ.

ಈ ಪಟ್ಟಿ ಹವ್ಯಾಸದ ಮಟ್ಟದಲ್ಲೇ ಉಳಿದರೆ ಯಾರಿಗೂ ತೊಂದರೆಯಿಲ್ಲ. ಆದರೆ ಕೊಪ್ಪಳ, ಬಳ್ಳಾರಿ ಕಡೆ ಗುಡ್ಡ ಅಂದರೆ ಗ್ರಾನೈಟ್, ಕಬ್ಬಿಣದ ಅದಿರು. ಒಂದು ಗುಡ್ಡದಲ್ಲಿ ಯಾವ ಪಕ್ಷಿ ಇದೆ, ಯಾವುದು ಇಲ್ಲ ಎಂಬ ಮಾತಿಗೆ ಇಲ್ಲಿ ಬೇರೆಯೇ ತೂಕ ಬರುತ್ತದೆ. ಅದರಲ್ಲೂ ಒಂದು ಹಕ್ಕಿಯ ವಿಷಯದಲ್ಲಿ. ಹಳದಿ ಕೊರಳಿನ ಪಿಕಳಾರ, ಅಂದರೆ ಬುಲ್‌ಬುಲ್. ಇದು ದಕ್ಷಿಣ ಭಾರತದ ಬಂಡೆ ಗುಡ್ಡಗಳ ಕುರುಚಲಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲೂ ಇದರ ಹೆಸರಿದೆ. ಕಲ್ಲು ಕ್ವಾರಿಯೇ ಇದಕ್ಕಿರುವ ದೊಡ್ಡ ಕಂಟಕಗಳಲ್ಲೊಂದು. ಹಂಪಿ ಹತ್ತಿರದ ದರೋಜಿ ಕರಡಿಧಾಮಕ್ಕೆ ದೂರದೂರದಿಂದ ಪಕ್ಷಿ ವೀಕ್ಷಕರು ಬರುವುದಕ್ಕೆ ಕರಡಿ ಒಂದು ಕಾರಣವಾದರೆ ಈ ಹಕ್ಕಿ ಇನ್ನೊಂದು.

ಕಣ್ಣಿಗೆ ಬಿದ್ದರೆ ಇದನ್ನು ಗುರುತಿಸುವುದು ಸುಲಭ. ತಲೆ, ಕೊರಳು ಹಳದಿ. ತೊಡಕು ಇರುವುದು ದನಿಯಲ್ಲಿ. ಅದೇ ಕುರುಚಲಲ್ಲಿ ಬಿಳಿ ಹುಬ್ಬಿನ ಪಿಕಳಾರವೂ ಇರುತ್ತದೆ. ಅದು ಸಾಮಾನ್ಯ ಹಕ್ಕಿ, ಪೊದೆಯೊಳಗೆ ಅವಿತು ಒಮ್ಮೆಲೇ ಗಳಗಳ ಎಂದು ಕೂಗಿ ಸುಮ್ಮನಾಗುತ್ತದೆ. ಇವೆರಡರ ಕೂಗು ಬಹಳ ಹತ್ತಿರ. ಹಳೇ ಪಕ್ಷಿ ವೀಕ್ಷಕರೂ ಬರೀ ಕಿವಿ ನೆಚ್ಚಿ ಹೇಳಲು ಹಿಂಜರಿಯುತ್ತಾರೆ. ಹಾಗಿದ್ದ ಮೇಲೆ ಯಂತ್ರ ಏನು ಮಾಡುತ್ತದೆ?

ಮೊದಲು ಯಂತ್ರಕ್ಕೆ ಕಾಣುವುದೇನು ಅಂತ ನೋಡೋಣ. ಹೌದು, ಕಾಣುವುದು. ಇವತ್ತಿನ ಬಹುತೇಕ ಸಾಫ್ಟ್‌ವೇರ್‌ಗಳು ದನಿಯನ್ನು ಚಿತ್ರ ಮಾಡಿಕೊಂಡು ಆ ಚಿತ್ರವನ್ನು ಓದುತ್ತವೆ. ಈ ಚಿತ್ರಕ್ಕೆ ಸ್ಪೆಕ್ಟ್ರೋಗ್ರಾಮ್ ಎನ್ನುತ್ತಾರೆ. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಜೋರಾದ ಕಡೆ ಬಣ್ಣ ಗಾಢ. ಗಂಡು ಕೋಗಿಲೆಯ ‘ಕುಹೂ’ ಇದರಲ್ಲಿ ಮೇಲಕ್ಕೆ ಏರುವ ಓರೆ ಗೆರೆ. ನವಿಲಿನ ಕೂಗು ಒಂದರ ಮೇಲೊಂದು ಜೋಡಿಸಿದ ಹಲವು ಗೆರೆ. ಜೀರುಂಡೆ ಕೂಗಿದರೆ ಚಿತ್ರದ ಉದ್ದಕ್ಕೂ ಅಡ್ಡಲಾಗಿ ಒಂದು ದಪ್ಪ ಪಟ್ಟಿ. ಗಾಳಿ, ಪಂಪ್‌ಸೆಟ್, ಲಾರಿ ಸದ್ದು ಕೆಳಗೆ ಮಸಿ ಬಳಿದಂತೆ ಹರಡಿರುತ್ತದೆ. ಪಿಕಳಾರಗಳ ಕೂಗಿನ ಬಹುಪಾಲು ಈ ಮಸಿಯ ಮೇಲೆ, 2ರಿಂದ 4 ಕಿಲೋಹರ್ಟ್ಸ್‌ ಆಸುಪಾಸಿನಲ್ಲಿ ಸಿಗುತ್ತದೆ. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಇದನ್ನೆಲ್ಲ ಮನೆಯ ಕಂಪ್ಯೂಟರ್‌ನಲ್ಲೇ ನೋಡಬಹುದು.

ಚಿತ್ರ ಬಿಡಿಸುವಾಗ ಒಂದು ಕೊಡುಕೊಳ್ಳುವಿಕೆ ಇದೆ, ಅದು ಗೊತ್ತಿರಬೇಕು. ಸಾಫ್ಟ್‌ವೇರ್ ದನಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಯಾವ ಸ್ವರ ಎಷ್ಟಿದೆ ಎಂದು ಲೆಕ್ಕ ಹಾಕುತ್ತದೆ. ಸೆಕೆಂಡಿಗೆ 48,000 ಸಲ ಅಳೆದ ದನಿಯಲ್ಲಿ 512 ಅಳತೆಗೆ ಒಂದು ತುಂಡು ಮಾಡಿದರೆ, ತುಂಡಿನ ಉದ್ದ ಸುಮಾರು 11 ಮಿಲಿಸೆಕೆಂಡ್. ಸ್ವರದಲ್ಲಿ ಸುಮಾರು 94 ಹರ್ಟ್ಸ್‌ಗಿಂತ ಸಣ್ಣ ವ್ಯತ್ಯಾಸ ಕಾಣುವುದಿಲ್ಲ. 2048 ಅಳತೆಗೆ ಒಂದು ತುಂಡು ಮಾಡಿದರೆ ಸ್ವರದ ವ್ಯತ್ಯಾಸ 23 ಹರ್ಟ್ಸ್‌ವರೆಗೂ ಬಿಡಿಯಾಗಿ ಕಾಣುತ್ತದೆ. ಆದರೆ ಆಗ ತುಂಡು 43 ಮಿಲಿಸೆಕೆಂಡ್ ಉದ್ದವಾಗುತ್ತದೆ, ಅಷ್ಟರೊಳಗೆ ಮುಗಿಯುವ ಚುರುಕು ಸ್ವರಗಳು ಒಂದಕ್ಕೊಂದು ಕಲಸಿಹೋಗುತ್ತವೆ. ಪಿಕಳಾರದ ಗಳಗಳ ಕೂಗಿನಲ್ಲಿ ಸ್ವರಗಳು ಬಿಡುವಿಲ್ಲದೆ ಬರುತ್ತವೆ. ಹಾಗಾಗಿ ಇದಕ್ಕೆ 512 ಅಥವಾ 1024 ಒಳ್ಳೆಯದು. ಎಷ್ಟೇ ಇಟ್ಟುಕೊಳ್ಳಿ, ಎರಡು ದನಿಗಳನ್ನು ಹೋಲಿಸುವಾಗ ಎರಡಕ್ಕೂ ಅದೇ ಅಳತೆ ಇರಲಿ. ಬೇರೆ ಬೇರೆ ಅಳತೆಯಲ್ಲಿ ಬಿಡಿಸಿದ ಎರಡು ಚಿತ್ರ ನೋಡಿ ‘ಆಕಾರ ಬೇರೆ, ಹಕ್ಕಿ ಬೇರೆ’ ಎಂದು ವಾದಿಸುವವರು ಇದ್ದಾರೆ.

ಈಗ ಗುಡ್ಡಕ್ಕೆ ಬರೋಣ. ಆನೆಗುಂದಿ ಹತ್ತಿರದ ಒಂದು ಇಳಿಜಾರಿನಲ್ಲಿ ಆಡಿಯೋಮಾತ್‌ನಂಥ ಪುಟ್ಟ ರೆಕಾರ್ಡರ್ ಕಟ್ಟಿ, ಬೆಳಿಗ್ಗೆ 6 ಗಂಟೆಗೆ ಶುರುವಾಗುವ ಹಾಗೆ ಇಟ್ಟಿದ್ದೇವೆ ಅಂದುಕೊಳ್ಳಿ. 48 ಕಿಲೋಹರ್ಟ್ಸ್‌ನ ವೇವ್ ಫೈಲ್ ಗಂಟೆಗೆ ಸುಮಾರು 346 ಎಂಬಿ ಆಗುತ್ತದೆ. ಮೂರು ಗಂಟೆಗೆ ಒಂದು ಜಿಬಿ. ಜಾಗ ಉಳಿಸೋಣ ಅಂತ ಎಂಪಿ3 ಮಾಡಿದರೆ ಅಥವಾ ವಾಟ್ಸ್ಆ್ಯಪ್ ವಾಯ್ಸ್ ಮೆಸೇಜಾಗಿ ಕಳಿಸಿದರೆ ದನಿಯ ಸೂಕ್ಷ್ಮ ಒಂದಷ್ಟು ಹೋಗುತ್ತದೆ. ವಾಯ್ಸ್ ಮೆಸೇಜಂತೂ ಮನುಷ್ಯರ ಮಾತು ಅರ್ಥವಾದರೆ ಸಾಕು ಎಂದು ಮಾಡಿದ ವ್ಯವಸ್ಥೆ. ಹಕ್ಕಿಯ ಗೋಜು ಅದಕ್ಕಿಲ್ಲ.

ಈ ಫೈಲನ್ನು ಹಕ್ಕಿ ದನಿ ಗುರುತಿಸುವ ಬರ್ಡ್‌ನೆಟ್ ಸಾಫ್ಟ್‌ವೇರ್‌ಗೆ ಕೊಟ್ಟೆವು. ಇದನ್ನು ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಜರ್ಮನಿಯ ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ ಮಾಡಿವೆ. ಮರ್ಲಿನ್ ಕೂಡ ಕಾರ್ನೆಲ್‌ನದೇ, ಆದರೆ ಅದು ಫೋನ್ ಹಿಡಿದು ನಿಂತವರಿಗೆ. ರಾಶಿ ಫೈಲ್ ಜಾಲಾಡಲು ಬರ್ಡ್‌ನೆಟ್ ಬಳಸುವವರೇ ಜಾಸ್ತಿ. ಅದು ದನಿಯನ್ನು 3 ಸೆಕೆಂಡಿನ ತುಂಡು ಮಾಡುತ್ತದೆ. ಪ್ರತಿ ತುಂಡಿಗೂ ತನಗೆ ಗೊತ್ತಿರುವ ಆರು ಸಾವಿರಕ್ಕೂ ಹೆಚ್ಚು ಹೆಸರುಗಳ ಎದುರು 0ಯಿಂದ 1ರ ನಡುವೆ ಒಂದೊಂದು ಅಂಕ ಹಾಕುತ್ತದೆ. ನಾವು ಹೇಳಿದ ಮಿತಿಗಿಂತ ಹೆಚ್ಚು ಅಂಕ ಬಿದ್ದವನ್ನು ಪಟ್ಟಿ ಮಾಡಿ ಕೊಡುತ್ತದೆ. ಉದಾಹರಣೆಗೆ ಎರಡು ಸಾಲು ಹೀಗಿವೆ ಎನ್ನಿ:

```
Start (s),End (s),Scientific name,Common name,Confidence
741.0,744.0,Pycnonotus luteolus,White-browed Bulbul,0.7142
744.0,747.0,Pycnonotus cafer,Red-vented Bulbul,0.3318
```

ಮೊದಲ ಸಾಲು ಬಿಳಿ ಹುಬ್ಬಿನ ಪಿಕಳಾರ. ಎರಡನೆಯದು ಊರಲ್ಲೆಲ್ಲ ಕಾಣುವ, ಬಾಲದ ಬುಡ ಕೆಂಪಗಿರುವ ಪಿಕಳಾರ. ಪಟ್ಟಿ ನೋಡಿದವರು ಎರಡು ಹಕ್ಕಿ ಎಂದು ಬರೆದುಕೊಳ್ಳುತ್ತಾರೆ. ಫೈಲ್ ತೆರೆದು 741ನೇ ಸೆಕೆಂಡಿಗೆ, ಅಂದರೆ 6 ಗಂಟೆ 12 ನಿಮಿಷ 21 ಸೆಕೆಂಡಿಗೆ ಹೋಗಿ ನೋಡಿದರೆ ಕಥೆಯೇ ಬೇರೆ. ಅಲ್ಲಿ ಇರುವುದು ಒಂದೇ ಕೂಗು. ಅದು 742.6ಕ್ಕೆ ಶುರುವಾಗಿ 744.9ಕ್ಕೆ ಮುಗಿದಿದೆ. ತುಂಡು ಮಾಡುವ ಕತ್ತರಿ ಸರಿಯಾಗಿ ಅದರ ನಡುವೆ ಬಿದ್ದಿದೆ. ಕೂಗಿನ ಮೊದಲ ಅರ್ಧಕ್ಕಿಂತ ತುಸು ಹೆಚ್ಚು ಭಾಗವಾದರೂ ನೋಡಲು ಸಿಕ್ಕಿದ್ದಕ್ಕೆ ಯಂತ್ರ ಮೊದಲ ಹೆಸರು ಕೊಟ್ಟಿತು. ಉಳಿದ ಬಾಲಕ್ಕೆ ತನಗೆ ಹತ್ತಿರ ಅನಿಸಿದ ಇನ್ನೊಂದು ಹೆಸರು ಕೊಟ್ಟಿತು. ಹೀಗೆ ಒಂದು ಹಕ್ಕಿ ಎರಡಾಯಿತು.

ಇದಕ್ಕೆ ಮದ್ದು ಸುಲಭ. ತುಂಡುಗಳು ಒಂದರ ಮೇಲೊಂದು ಅರ್ಧ ಹಾಯುವಂತೆ, ಅಂಕದ ಮಿತಿ 0.25 ಇರುವಂತೆ ಬರ್ಡ್‌ನೆಟ್ ಓಡಿಸುವ ಆಜ್ಞೆಗೆ ಇದನ್ನು ಸೇರಿಸಬೇಕು:

```
--overlap 1.5 --min_conf 0.25
```

ಆಗ ತುಂಡುಗಳು 741, 742.5, 744 ಹೀಗೆ ಶುರುವಾಗುತ್ತವೆ. 742.5ರಿಂದ 745.5ರ ತುಂಡಿನಲ್ಲಿ ಕೂಗು ಪೂರ್ತಿ ಕೂರುತ್ತದೆ. ಕೆಲಸಕ್ಕೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ, ಹಿಡಿಯಲಿ ಬಿಡಿ. ಆದರೂ ಬಾಲದ ತುಂಡು ಬೇರೆ ಹೆಸರಲ್ಲಿ ಪಟ್ಟಿಗೆ ಬರುವುದು ಪೂರ್ತಿ ನಿಲ್ಲದು. ಅಕ್ಕಪಕ್ಕದ ಸಾಲುಗಳಲ್ಲಿ ಹತ್ತಿರದ ನೆಂಟರ ಹೆಸರು ಬಂದಿದ್ದರೆ ದನಿ ತೆರೆದು ಕೇಳಲೇಬೇಕು.

ಇನ್ನು 0.7142. ಹೆಚ್ಚು ಜನ ಎಡವುವುದು ಇಲ್ಲೇ. ಇದನ್ನು ‘ಶೇಕಡಾ 71 ಖಚಿತ’ ಎಂದು ಓದಿಕೊಳ್ಳುತ್ತಾರೆ. ಅದು ಹಾಗಲ್ಲ. ಯಂತ್ರ ಕಲಿತ ಚಿತ್ರಗಳಿಗೆ ಈ ಚಿತ್ರ ಎಷ್ಟು ಹೋಲುತ್ತದೆ ಎಂಬುದರ ಒಂದು ಅಂಕ ಅಷ್ಟೆ. ಪ್ರತಿ ಜಾತಿಗೂ ಈ ಅಂಕ ಬೇರೆ ಬೇರೆಯಾಗಿ ಲೆಕ್ಕವಾಗುತ್ತದೆ. ಒಂದೇ ತುಂಡಿನಲ್ಲಿ ಎರಡು ಹಕ್ಕಿಗೂ 0.9 ಬೀಳಬಹುದು, ಯಾವುದಕ್ಕೂ 0.1 ಸಹ ಬೀಳದಿರಬಹುದು. ಒಂದು ಜಾತಿಯ 0.7 ಹೆಚ್ಚೂಕಮ್ಮಿ ಯಾವಾಗಲೂ ಸರಿ ಇದ್ದರೆ, ಇನ್ನೊಂದರ 0.7 ಅರ್ಧಕ್ಕರ್ಧ ಸುಳ್ಳಿರಬಹುದು. ಆಫ್ರಿಕಾದಲ್ಲೋ ಯುರೋಪಿನಲ್ಲೋ ಯಾರೋ ಬಳಸಿದ ಮಿತಿಯನ್ನು ತಂದು ಕೊಪ್ಪಳದ ಗುಡ್ಡಕ್ಕೆ ಹಚ್ಚಿದರೆ ಅದಕ್ಕೆ ಅರ್ಥವಿಲ್ಲ.

ಹಾಗಾದರೆ 0.71 ಅಂದರೆ ಇಲ್ಲಿ ಎಷ್ಟು? ಅದನ್ನು ನಾವೇ ಕಂಡುಕೊಳ್ಳಬೇಕು. ಬರ್ಡ್‌ನೆಟ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೆಫಾನ್ ಕಾಲ್ ಮತ್ತು ಕಾನರ್ ವುಡ್ 2024ರಲ್ಲಿ ಪ್ರಕಟಿಸಿದ ಸಲಹೆಯ ಸಾರವೂ ಇದೇ. ದಾರಿ ಹೀಗೆ. ಒಂದು ತಿಂಗಳ ರೆಕಾರ್ಡಿಂಗ್‌ನಲ್ಲಿ ಬಿಳಿ ಹುಬ್ಬಿನ ಪಿಕಳಾರದ ಹೆಸರು 600 ಸಲ ಬಂದಿದೆ ಎನ್ನಿ. ಎಲ್ಲವನ್ನೂ ಕೇಳಬೇಕಿಲ್ಲ. ಅಂಕದ ಪ್ರಕಾರ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಿಂದ ಚೀಟಿ ಎತ್ತಿದ ಹಾಗೆ 25 ತುಂಡು ತೆಗೆದುಕೊಳ್ಳಿ. ಅಂಕ ಕಾಣದಂತೆ ಮುಚ್ಚಿಟ್ಟು ಒಂದೊಂದನ್ನೇ ಕೇಳಿ, ಚಿತ್ರ ನೋಡಿ, ಸರಿಯೋ ತಪ್ಪೋ ಬರೆದುಕೊಳ್ಳಿ. 0.25ರಿಂದ 0.4ರವರೆಗಿನ ಗುಂಪಿನಲ್ಲಿ 6 ಸರಿ ಬಂತು, 0.4ರಿಂದ 0.6ರದರಲ್ಲಿ 13, 0.6ರಿಂದ 0.8ರದರಲ್ಲಿ 20, ಅದಕ್ಕಿಂತ ಮೇಲಿನದರಲ್ಲಿ 24 ಎಂದಿಟ್ಟುಕೊಳ್ಳಿ. ಆಗ ಈ ಗುಡ್ಡದಲ್ಲಿ, ಈ ತಿಂಗಳಲ್ಲಿ, ಈ ಹಕ್ಕಿಯ ಮಟ್ಟಿಗೆ 0.71 ಅಂದರೆ ಐದರಲ್ಲಿ ನಾಲ್ಕು ಸಲ ಸರಿ ಎನ್ನಬಹುದು. ಜೂನ್‌ನ ಗಾಳಿ ಶುರುವಾದ ಮೇಲೆ ಈ ಲೆಕ್ಕ ನಡೆಯುವುದಿಲ್ಲ, ಮತ್ತೆ ಮಾಡಬೇಕು.

ತಪ್ಪಾದ ತುಂಡುಗಳನ್ನು ಬಿಸಾಡಬೇಡಿ. ಯಂತ್ರ ಎಲ್ಲಿ ಎಡವುತ್ತದೆ ಎಂಬುದೆಲ್ಲ ಅವುಗಳಲ್ಲೇ ಇರುತ್ತದೆ. ಈ ಭಾಗದ ಗುಡ್ಡಗಳಲ್ಲಿ ತಪ್ಪಿಗೆ ಮೂರು ನಾಲ್ಕು ಕಾರಣಗಳು ಪದೇ ಪದೇ ಸಿಗುತ್ತವೆ. ಒಂದು, ಬಂಡೆಯ ಮಾರ್ದನಿ. ಎರಡು ದೊಡ್ಡ ಬಂಡೆಗಳ ನಡುವೆ ರೆಕಾರ್ಡರ್ ಕಟ್ಟಿದರೆ ಪ್ರತಿ ಸ್ವರಕ್ಕೂ ಹಿಂದೆ ಮಬ್ಬು ಬಾಲ ಬೆಳೆಯುತ್ತದೆ, ಬಿಡಿ ಸ್ವರಗಳು ಅಂಟಿಕೊಂಡು ಕಾಣುತ್ತವೆ. ಬಂಡೆಯಿಂದ ಕೆಲವು ಅಡಿ ದೂರದ ಗಿಡಕ್ಕೆ ಕಟ್ಟಿದರೆ ಇದು ಎಷ್ಟೋ ಕಡಿಮೆ. ಇನ್ನೊಂದು, ಅಳಿಲು. ಅದರ ಚಿಕ್ ಚಿಕ್ ಸದ್ದಿಗೆ ಯಂತ್ರ ಮಾತ್ರವಲ್ಲ, ಹೊಸಬರೂ ಹಕ್ಕಿ ಹೆಸರು ಕೊಡುತ್ತಾರೆ. ಮತ್ತೊಂದು, ಅಣಕ. ಕಾಜಾಣ, ಎಲೆಹಕ್ಕಿ ಬೇರೆ ಹಕ್ಕಿಗಳ ದನಿ ಕದಿಯುವುದರಲ್ಲಿ ಗಟ್ಟಿಗರು. ಬಯಲಿಗೆ ಇಳಿದರೆ ಸೈಕ್ಸ್ ಲಾರ್ಕ್ ಎಂಬ ನೆಲದ ಹಕ್ಕಿಯದೂ ಅದೇ ಚಾಳಿ. ಅಣಕವನ್ನು 3 ಸೆಕೆಂಡಿನ ತುಂಡಿನಲ್ಲಿ ಹಿಡಿಯಲು ಆಗುವುದಿಲ್ಲ. ತುಂಡಿನ ಹಿಂದೆ ಮುಂದೆ ಅರ್ಧ ನಿಮಿಷ ಕೇಳಬೇಕು. ಪಿಕಳಾರ ಕೂಗಿದ ಜಾಗದಿಂದಲೇ, ಅದೇ ಜೋರಿನಲ್ಲಿ, ಉಸಿರು ಬಿಡದೆ ಇನ್ನೂ ನಾಲ್ಕು ಹಕ್ಕಿ ‘ಕೂಗಿದರೆ’ ಕಳ್ಳ ಯಾರು ಅಂತ ಗೊತ್ತಾಯಿತಲ್ವಾ?

ಇಷ್ಟೆಲ್ಲ ಆದಮೇಲೂ ಮೂಲ ಪ್ರಶ್ನೆ ಹಾಗೇ ಇದೆ. 20 ಸರಿ ಎಂದೆವಲ್ಲ, ಅದನ್ನು ಸರಿ ಎಂದವರು ಯಾರು? ಬಿಳಿ ಹುಬ್ಬಿನದು ಮತ್ತು ಹಳದಿ ಕೊರಳಿನದನ್ನು ದನಿಯಿಂದ ಬೇರೆ ಮಾಡಲು ಕೇಳುವವರಿಗೇ ಬರದಿದ್ದರೆ ಆ ಇಪ್ಪತ್ತಕ್ಕೆ ಬೆಲೆ ಏನು? ಆದ್ದರಿಂದ ಯಂತ್ರಕ್ಕಿಂತ ಮೊದಲು ಪರೀಕ್ಷೆ ನಮ್ಮ ಕಿವಿಗೆ ಆಗಬೇಕು. ಕ್ಸೆನೋ-ಕ್ಯಾಂಟೊ ತಾಣದಲ್ಲಿ 2005ರಿಂದ ಜಗತ್ತಿನ ಜನ ಹಕ್ಕಿ ದನಿಗಳನ್ನು ಹಾಕುತ್ತಾ ಬಂದಿದ್ದಾರೆ. ಅಲ್ಲಿಂದ ಎರಡೂ ಪಿಕಳಾರಗಳ ದನಿ ಇಳಿಸಿಕೊಳ್ಳಿ. ಹಕ್ಕಿಯನ್ನು ಕಣ್ಣಾರೆ ಕಂಡು ರೆಕಾರ್ಡ್ ಮಾಡಿದ್ದು ಎಂದು ಬರೆದಿರುವವನ್ನೇ ಆರಿಸಿ. ಎಲ್ಲದಕ್ಕೂ ಒಂದೇ ಅಳತೆಯಲ್ಲಿ ಚಿತ್ರ ಬಿಡಿಸಿ ಸಾಲಾಗಿ ಇಡಿ. ಕೂಗಿನ ಅತಿ ಕೆಳಗಿನ ಸ್ವರ, ಅತಿ ಮೇಲಿನ ಸ್ವರ, ಒಟ್ಟು ಉದ್ದ, ಮೊದಲ ಸ್ವರದ ಆಕಾರ, ಸ್ವರಗಳ ನಡುವಿನ ಸಂದು ಇವನ್ನು ಬರೆದುಕೊಳ್ಳಿ. ಆಮೇಲೆ ಗೆಳೆಯರೊಬ್ಬರಿಗೆ ಫೈಲ್‌ಗಳ ಹೆಸರು ಬದಲಿಸಿ ಕಲಸಿಕೊಡಲು ಹೇಳಿ. ಎಷ್ಟು ಸರಿ ಹೇಳುತ್ತೀರಿ ನೋಡಿ. ನಾಣ್ಯ ಚಿಮ್ಮಿದ್ದಕ್ಕಿಂತ ಬಹಳ ಮೇಲಿಲ್ಲದಿದ್ದರೆ, ನಿಮ್ಮ ಪರಿಶೀಲನೆಯಲ್ಲಿ ‘ಪಿಕಳಾರ, ಯಾವುದೆಂದು ಗೊತ್ತಿಲ್ಲ’ ಎಂಬ ಮೂರನೇ ಖಾನೆ ಇರಲೇಬೇಕು. ನನ್ನ ಪ್ರಕಾರ ಇಂಥ ಗುಡ್ಡಗಳ ವರದಿಗಳಲ್ಲಿ ಅತಿ ಹೆಚ್ಚು ತುಂಬಬೇಕಾದ ಖಾನೆಯೇ ಅದು.

ಯಂತ್ರದ ಕಡೆಯಿಂದಲೂ ಒಂದು ಒಳಗುಟ್ಟು ಇದೆ. ಬರ್ಡ್‌ನೆಟ್‌ಗೆ ಸ್ಥಳ ಮತ್ತು ವಾರ ಹೇಳಿದರೆ ಆ ಜಾಗದಲ್ಲಿ ಆ ಕಾಲಕ್ಕೆ ಇರಬಹುದಾದ ಹಕ್ಕಿಗಳನ್ನಷ್ಟೇ ಉಳಿಸಿಕೊಂಡು ಉಳಿದ ಹೆಸರು ಅಳಿಸುತ್ತದೆ. ಈ ಅಂದಾಜು ಬರುವುದು ಜನ ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ತಾಣಕ್ಕೆ ಹಾಕಿದ ಪಟ್ಟಿಗಳಿಂದ. ಬೆಂಗಳೂರು, ಮೈಸೂರಿಗೆ ಹೋಲಿಸಿದರೆ ಕೊಪ್ಪಳ, ರಾಯಚೂರಿನಿಂದ ಹೋಗುವ ಪಟ್ಟಿ ಕಡಿಮೆ. ಈ ಅಂದಾಜಿನಲ್ಲಿ ನಮ್ಮ ಅಪರೂಪದ ಹಕ್ಕಿ ಸೇರದಿದ್ದರೆ, ಅದಕ್ಕೆ 0.8 ಅಂಕ ಬಿದ್ದಿದ್ದರೂ ಸಾಲು ಮಾಯ. ಪಕ್ಕದಲ್ಲಿ 0.4 ಪಡೆದ ಬಿಳಿ ಹುಬ್ಬಿನದು ಮಾತ್ರ ಪಟ್ಟಿಯಲ್ಲಿ ಉಳಿಯುತ್ತದೆ. ‘ಸಾಮಾನ್ಯ ಹಕ್ಕಿ ಬಿಟ್ಟು ಏನೂ ಇಲ್ಲ’ ಎಂಬ ತೀರ್ಮಾನಕ್ಕೆ ಇದಕ್ಕಿಂತ ಸುಲಭದ ದಾರಿ ಬೇಡ. ಹಾಗಾಗಿ ಸ್ಥಳ ಕೊಟ್ಟು ಒಮ್ಮೆ, ನಾವೇ ಬರೆದ ಹಕ್ಕಿಗಳ ಪಟ್ಟಿ ಕೊಟ್ಟು ಇನ್ನೊಮ್ಮೆ ಓಡಿಸಿ ಎರಡನ್ನೂ ಹೋಲಿಸಬೇಕು. ಅದಕ್ಕೂ ಮೊದಲು, ನಾವು ಹುಡುಕುವ ಹಕ್ಕಿಯ ಹೆಸರು ಯಂತ್ರದ ಮೂಲ ಪಟ್ಟಿಯಲ್ಲಿ ಇದೆಯೇ ನೋಡಬೇಕು. ಇಲ್ಲದ ಹೆಸರನ್ನು ಅದು ಯಾವತ್ತೂ ಹೇಳುವುದಿಲ್ಲ. ವಾರದ ಲೆಕ್ಕದಲ್ಲೂ ಒಂದು ಸಣ್ಣ ಬಲೆ ಇದೆ. ಇಲ್ಲಿ ವರ್ಷಕ್ಕೆ 52 ಅಲ್ಲ, 48 ವಾರ, ತಿಂಗಳಿಗೆ ನಾಲ್ಕರಂತೆ. ಫೆಬ್ರವರಿ ಕೊನೆ ಅಂದರೆ `--week 8`.

ಕಲಿಕೆಯ ಸಾಮಗ್ರಿಯಲ್ಲೂ ಹೀಗೇ ಏರುಪೇರು. ದನಿ ಗುರುತಿಸುವ ಜಾಗತಿಕ ಸ್ಪರ್ಧೆ ಬರ್ಡ್‌ಕ್ಲೆಫ್ 2024ರಲ್ಲಿ ಪಶ್ಚಿಮ ಘಟ್ಟದ ಹಕ್ಕಿಗಳನ್ನೇ ಕೈಗೆತ್ತಿಕೊಂಡಿತು. ಒಳ್ಳೆಯದೇ. ಬಯಲುಸೀಮೆಯ ಬಂಡೆ ಗುಡ್ಡಕ್ಕೆ ಅಂಥ ಭಾಗ್ಯ ಇನ್ನೂ ಬಂದಿಲ್ಲ.

ಇನ್ನು ಉಲ್ಟಾ ತಪ್ಪು. ಹಳದಿ ಕೊರಳಿನದು ಇಲ್ಲದ ಗುಡ್ಡದಲ್ಲಿ ಇದೆ ಎಂದುಬಿಡುವುದು. ಇದರ ಲೆಕ್ಕ ಕೇಳಿದರೆ ಮೊದಲು ನಂಬಿಕೆ ಬರುವುದಿಲ್ಲ. ಮೂರು ಗಂಟೆಯ ಬೆಳಗಿನಲ್ಲಿ 3 ಸೆಕೆಂಡಿನ 3,600 ತುಂಡು. 30 ದಿನಕ್ಕೆ 1,08,000. ಯಂತ್ರ ಬಹಳ ಜಾಣ, ಹತ್ತು ಸಾವಿರ ತುಂಡಿಗೆ ಒಮ್ಮೆ ಮಾತ್ರ ಸುಳ್ಳು ಹೇಳುತ್ತದೆ ಎಂದುಕೊಂಡರೂ ತಿಂಗಳಿಗೆ ಹನ್ನೊಂದು ಸುಳ್ಳು ಸಾಲು ಬರುತ್ತದೆ. ಹಕ್ಕಿ ಒಂದೂ ಇಲ್ಲದೆ! ಹನ್ನೊಂದು ಸಲ ಬಂದಿದೆ ಅಂದಮೇಲೆ ಇದ್ದೇ ಇದೆ ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಸಾಮಾನ್ಯ ಹಕ್ಕಿಯ 600 ಸಾಲಿನಲ್ಲಿ ಹನ್ನೊಂದು ಸುಳ್ಳಾದರೆ ಏನೂ ಆಗದು. ಅಪರೂಪದ ಹಕ್ಕಿಯ ಹನ್ನೊಂದೇ ಸಾಲು ಬಂದಿದ್ದರೆ ಎಲ್ಲವೂ ಸುಳ್ಳಾಗಿರಬಹುದು. ಆದ್ದರಿಂದ ಅಪರೂಪದ ಹಕ್ಕಿಗೆ ಚೀಟಿ ಎತ್ತುವ ಲೆಕ್ಕ ಸಾಲದು, ಪ್ರತಿ ಸಾಲನ್ನೂ ಕೇಳಬೇಕು.

ಕೇಳಿದ ಮೇಲೆ ಗುಡ್ಡ ಹತ್ತಬೇಕು. ಯಂತ್ರದ ನಿಜವಾದ ಉಪಯೋಗ ಇಲ್ಲಿದೆ. ಒಂದು ಲಕ್ಷ ತುಂಡಿನಲ್ಲಿ ಯಾವ ಬಂಡೆಯ ಹತ್ತಿರ, ಎಷ್ಟು ಗಂಟೆಗೆ ಹೋಗಿ ಕೂರಬೇಕು ಎಂದು ಅದು ಹೇಳಿಕೊಡುತ್ತದೆ. 6 ಗಂಟೆ 12 ನಿಮಿಷದ ಆಸುಪಾಸಿನಲ್ಲಿ ಮೂರು ನಾಲ್ಕು ದಿನ ಅದೇ ಕೂಗು ಸಿಕ್ಕಿದ್ದರೆ, ಐದನೇ ದಿನ ಬೈನಾಕ್ಯುಲರ್, ಕ್ಯಾಮೆರಾ ಹಿಡಿದು ಅಲ್ಲಿರಿ. ಹಳದಿ ಕೊರಳು ಕಂಡು, ಅದೇ ಹೊತ್ತಿಗೆ ಅದರ ದನಿಯೂ ಸಿಕ್ಕರೆ ಆ ತುಂಡು ಚಿನ್ನ. ಮುಂದೆ ಇದೇ ಗುಡ್ಡದ ದನಿಗಳನ್ನು ಹೋಲಿಸಲು ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಹಕ್ಕಿ ಹೊರಬರಲಿ ಅಂತ ಸ್ಪೀಕರ್‌ನಲ್ಲಿ ಅದರದೇ ಕೂಗು ಹಾಕುವುದು ಮಾತ್ರ ಬೇಡ. ಗೂಡಿನ ಕಾಲದಲ್ಲಿ ಅದು ಹಕ್ಕಿಗೆ ಕಾಟ. ಜೊತೆಗೆ ಆ ಸ್ಪೀಕರ್ ದನಿ ಪಕ್ಕದ ರೆಕಾರ್ಡರ್‌ನಲ್ಲಿ ದಾಖಲಾಗಿ, ಇಲ್ಲದ ಹಕ್ಕಿಗೆ 0.95 ಅಂಕ ಬಿದ್ದರೆ ಯಾರನ್ನು ಕೇಳುವುದು?

ವರದಿ ಬರೆಯುವಾಗ ಪ್ರತಿ ಹೆಸರಿನ ಮುಂದೆ ಫೈಲಿನ ಹೆಸರು, ಎಷ್ಟನೇ ಸೆಕೆಂಡ್, ಅಂಕ, ಸಾಫ್ಟ್‌ವೇರಿನ ಯಾವ ಆವೃತ್ತಿ, ಕೇಳಿ ಒಪ್ಪಿದವರು ಯಾರು, ಹಕ್ಕಿ ಕಣ್ಣಿಗೆ ಬಿದ್ದಿತೋ ಇಲ್ಲವೋ ಇಷ್ಟಿರಲಿ. ಕ್ವಾರಿ ಬೇಕೆನ್ನುವವರು ಬಂದು ಪ್ರಶ್ನಿಸಿದರೂ, ಬೇಡ ಎನ್ನುವವರು ಬಂದು ಪ್ರಶ್ನಿಸಿದರೂ ಅದೇ ಸೆಕೆಂಡನ್ನು ತೆರೆದು ಕೇಳಿಸಲು ಆಗಬೇಕು. ಹೆಸರು ಬಾರದ ಗುಡ್ಡದ ಬಗ್ಗೆ ‘ಇಲ್ಲ’ ಎಂದು ಬರೆಯಬಾರದು. ‘ಇಂಥ ತಿಂಗಳಲ್ಲಿ, ಇಷ್ಟು ಗಂಟೆ ಕೇಳಿದೆವು, ಸಿಗಲಿಲ್ಲ’ ಎಂದಷ್ಟೇ ಬರೆಯಬೇಕು. ಮೂಲ ವೇವ್ ಫೈಲ್‌ಗಳನ್ನು ಹಾರ್ಡ್‌ಡಿಸ್ಕ್‌ನಲ್ಲಿ ಹಾಗೇ ಇಟ್ಟುಕೊಳ್ಳಿ. ಬರ್ಡ್‌ನೆಟ್ ಹೊಸ ಆವೃತ್ತಿ ಬಂದಾಗ, ‘ಯಾವುದೆಂದು ಗೊತ್ತಿಲ್ಲ’ ಖಾನೆಯಲ್ಲಿ ಬಿದ್ದಿರುವ ಪಿಕಳಾರಗಳನ್ನು ಮೊದಲು ಅದಕ್ಕೆ ಕೇಳಿಸಬೇಕು.